ಮಾಷ್ ಎಂಟು ಅಂದರು, ಅಮ್ಮ ಒಂದು ಅಂದರು

ಜುಲೈ ತಿಂಗಳ ಒಂದು ಶನಿವಾರ. ಕುಂಬಳೆಯಲ್ಲಿ ಬೆಳಗಿನಿಂದಲೂ ಜಡಿಮಳೆ. ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿ ನಾನು ವಾರಕ್ಕೆ ಎರಡು ದಿನ ಕೂರುವ ಕೋಣೆಗೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ 11 ವರ್ಷ. ಕನ್ನಡ ಮಾಧ್ಯಮದಲ್ಲಿ 6ನೇ ಕ್ಲಾಸು. ಅವನನ್ನು ಇಲ್ಲಿ ಪುಟ್ಟ ಅನ್ನುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ತಾಯಿ ಕೂತ ಕೂಡಲೇ ಎರಡು ಫಾರ್ಮ್ ಮುಂದಿಟ್ಟರು. ಒಂದನ್ನು ಶಾಲೆಯಲ್ಲಿ ಲೆಕ್ಕದ ಮಾಷ್ ತುಂಬಿ ಕೊಟ್ಟಿದ್ದರು. ಇನ್ನೊಂದನ್ನು ತಾಯಿಯೇ ತುಂಬಿದ್ದರು.

"ಟೀಚರೇ, ಆ ಮಾಷ್ ನನ್ನ ಮಗನ ಬಗ್ಗೆ ಏನೇನೋ ಬರೆದಿದ್ದಾರೆ. ಮನೆಯಲ್ಲಿ ಅವನಿಗೆ ಅಂಥದ್ದೇನೂ ಇಲ್ಲ" ಅಂದರು. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಓದುವವರಿಗೆ ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಡಿಎಚ್‌ಡಿ ಇದೆಯೇ, ಅಂದರೆ ಗಮನ ಹಿಡಿದಿಡಲು ಆಗದ ಅಥವಾ ಚಡಪಡಿಸುವ ತೊಂದರೆ ಇದೆಯೇ ಅಂತ ನೋಡುವಾಗ ನಾವು ಬಳಸುವ ಫಾರ್ಮ್‌ಗಳಲ್ಲಿ ವ್ಯಾಂಡರ್‌ಬಿಲ್ಟ್ ಅನ್ನುವುದು ಒಂದು. 6ರಿಂದ 12 ವರ್ಷದ ಮಕ್ಕಳಿಗೆ ಮಾಡಿದ್ದು. ತಂದೆತಾಯಿಗೆ ಒಂದು, ಟೀಚರಿಗೆ ಒಂದು. ಎರಡರಲ್ಲೂ ಮೊದಲ 9 ಪ್ರಶ್ನೆಗಳು ಗಮನ ಕೊಡುವುದರ ಬಗ್ಗೆ. ಮುಂದಿನ 9 ಪ್ರಶ್ನೆಗಳು ಚಡಪಡಿಕೆ, ಅವಸರದ ಬಗ್ಗೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಹಾಕಬೇಕು. ಇಲ್ಲವೇ ಇಲ್ಲ ಅಂದರೆ 0, ಯಾವಾಗಲೋ ಒಮ್ಮೆ ಅಂದರೆ 1, ಹೆಚ್ಚಿನ ಸಲ ಅಂದರೆ 2, ತುಂಬಾ ಹೆಚ್ಚು ಅಂದರೆ 3. ಅಂಕಗಳನ್ನು ಸುಮ್ನೆ ಕೂಡಿಸುವುದಲ್ಲ. 2 ಅಥವಾ 3 ಬಿದ್ದ ಪ್ರಶ್ನೆಗಳು ಎಷ್ಟು ಅಂತ ಎಣಿಸುವುದು. 9ರಲ್ಲಿ 6 ಅಥವಾ ಜಾಸ್ತಿ ಇದ್ದು, ಕೊನೆಯಲ್ಲಿ ಕೇಳುವ ಓದು, ಬರಹ, ಗೆಳೆತನ ಇಂಥದ್ದರಲ್ಲಿ ಒಂದಾದರೂ ತೊಂದರೆ ಅಂತ ಬಂದರೆ, ಆ ಫಾರ್ಮ್ ಗೆರೆ ದಾಟಿತು ಅಂತ ಲೆಕ್ಕ.

ಪುಟ್ಟನ ಗಮನದ ಭಾಗದಲ್ಲಿ ಮಾಷ್ ಕೊಟ್ಟದ್ದು 9ರಲ್ಲಿ 8. ತಾಯಿ ಕೊಟ್ಟದ್ದು 9ರಲ್ಲಿ 1. ಚಡಪಡಿಕೆಯ ಭಾಗದಲ್ಲಿ ಇಬ್ಬರದ್ದೂ ಕಡಿಮೆಯೇ.

ಇಂಥ ಎರಡು ಕಾಗದ ಪಕ್ಕಪಕ್ಕ ಬಂದಾಗ ಎಲ್ಲರ ಮನಸ್ಸಿಗೂ ಬರುವ ಪ್ರಶ್ನೆ ಒಂದೇ. ಯಾರು ಸರಿ? ತಾಯಿಯ ಮುಖದಲ್ಲಿ ಆ ಪ್ರಶ್ನೆ ಎದ್ದು ಕಾಣುತ್ತಿತ್ತು. ನಾನು ಅವರಿಗೆ ಮೊದಲು ಹೇಳಿದ್ದು, ಹೀಗೆ ಹೊಂದದೇ ಇರುವುದೇ ಮಾಮೂಲು ಅಂತ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. 1987ರಲ್ಲಿ ಥಾಮಸ್ ಅಕೆನ್‌ಬಾಕ್ ಮತ್ತು ಜೊತೆಗಾರರು 119 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಇದನ್ನೇ ಲೆಕ್ಕ ಹಾಕಿದರು. ಇಬ್ಬರ ಉತ್ತರ ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0 ಅಂತ ಇಟ್ಟುಕೊಳ್ಳಿ. ತಂದೆ ಮತ್ತು ತಾಯಿಯ ಹಾಗೆ ಮಗುವನ್ನು ಒಂದೇ ಜಾಗದಲ್ಲಿ ನೋಡುವ ಇಬ್ಬರ ನಡುವೆ ಸುಮಾರು 0.60 ಬಂತು. ತಾಯಿ ಮತ್ತು ಟೀಚರ್ ಹಾಗೆ ಬೇರೆ ಬೇರೆ ಜಾಗದಲ್ಲಿ ನೋಡುವವರ ನಡುವೆ ಬಂದದ್ದು ಬರೀ 0.28. ಆಮೇಲೆ 2015ರಲ್ಲಿ ಬೇರೊಂದು ತಂಡ 341 ಅಧ್ಯಯನಗಳನ್ನು ಸೇರಿಸಿ ಮತ್ತೆ ನೋಡಿತು. ಒಟ್ಟಾರೆ ಸಿಕ್ಕಿದ್ದು ಮತ್ತೆ 0.28. ಸುಳ್ಳು ಹೇಳುವವರು ಅಷ್ಟು ಜನ ಇರುವುದಿಲ್ಲ, ಅಲ್ವಾ? ಮನೆ ಬೇರೆ, ಶಾಲೆ ಬೇರೆ. ಒಂದೇ ಮಗು ಎರಡು ಕಡೆ ಎರಡು ಥರ ಇರುತ್ತದೆ.

ಆದರೆ ಹೀಗೆ ಹೇಳಿ ಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು ಎರಡು ಕಡೆಯಾದರೂ ಕಾಣಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷದ ಒಳಗೆ ಶುರುವಾಗಿರಬೇಕು. ಮನೆಯಲ್ಲಿ ಇಲ್ಲ, ಶಾಲೆಯಲ್ಲಿ ಮಾತ್ರ ಇದೆ ಅಂದರೆ ಅದು ಬೇರೆ ಏನೋ ಆಗಿರಬಹುದು. ಆದ್ದರಿಂದ ಆ 8 ಮತ್ತು 1ರ ನಡುವಿನ ದೂರ ಎಲ್ಲಿಂದ ಬಂತು ಅಂತ ಹುಡುಕಲೇಬೇಕು.

ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಇಬ್ಬರ ಸರಾಸರಿ ತೆಗೆದರೆ ಪುಟ್ಟನಿಗೆ ನಾಲ್ಕೂವರೆ, ಅಂದರೆ ಗೆರೆಯ ಕೆಳಗೆ. ಇಬ್ಬರಲ್ಲಿ ಯಾರು ಹೌದು ಅಂದರೂ ಹೌದು ಅಂತ ಹಿಡಿದರೆ 8, ಗೆರೆಯ ಮೇಲೆ. ಇಬ್ಬರೂ ಹೌದು ಅಂದದ್ದನ್ನು ಮಾತ್ರ ಹಿಡಿದರೆ 1. ಹುಡುಗ ಒಬ್ಬನೇ, ಕಾಗದ ಎರಡೇ, ಉತ್ತರ ಮಾತ್ರ ಮೂರು. ಇವುಗಳಲ್ಲಿ ಯಾವುದನ್ನು ಆರಿಸಿದರೂ ಹುಡುಗನ ಬಗ್ಗೆ ನಮಗೆ ಹೊಸದೇನೂ ಗೊತ್ತಾಗುವುದಿಲ್ಲ.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಮಾಷ್ ತುಂಬಿದ ಫಾರ್ಮ್ ನೋಡಿದ ಕೂಡಲೇ ನನ್ನ ಮನಸ್ಸು ಒಂದು ತೀರ್ಮಾನಕ್ಕೆ ಬಂದಾಗಿತ್ತು. ಆ ಮಾಷ್‌ಗೆ ಕನ್ನಡ ಬರುವುದಿಲ್ಲ, ಪಾಠ ಮಾಡುವುದು ಮಲಯಾಳದಲ್ಲಿ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇದು ಹೊಸ ಕಥೆಯೇನಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಹಾಕಿದಾಗೆಲ್ಲ ಮಕ್ಕಳು, ಪೋಷಕರು ಗೇಟಿನ ಎದುರು ನಿಂತದ್ದನ್ನು ನಾವು ನೋಡಿದ್ದೇವೆ. ನಾನೂ ಇದೇ ನೆಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದು ಇಡೀ ವರ್ಷ ವಿಜ್ಞಾನ ಪಾಠ ಅರ್ಥವಾಗದೆ, ಕಿಟಕಿಯಾಚೆ ಮಳೆ ನೋಡುತ್ತಾ ಕೂತವಳು. ಆಗ ಯಾರಾದರೂ ನನ್ನ ಬಗ್ಗೆ ಈ ಫಾರ್ಮ್ ತುಂಬಿದ್ದರೆ ನನಗೂ 8 ಬೀಳುತ್ತಿತ್ತು.

ಅದಕ್ಕೇ ನನ್ನ ಪುಸ್ತಕದಲ್ಲಿ "ಭಾಷೆ" ಅಂತ ಬರೆದು ಅದರ ಅಡಿಗೆ ಗೆರೆ ಎಳೆದೆ. ಆ ಗೆರೆಯನ್ನು ಅವಸರದಲ್ಲಿ ಎಳೆದಿದ್ದೆ. ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಫಾರ್ಮಿನ 4ನೇ ಪ್ರಶ್ನೆಯನ್ನು ನೋಡಿ. ಹೇಳಿದ ಕೆಲಸವನ್ನು ಪೂರ್ತಿ ಮಾಡುವುದಿಲ್ಲ, ಶಾಲೆಯ ಕೆಲಸ ಮುಗಿಸುವುದಿಲ್ಲ ಅಂತ ಇದೆ. ಅದರ ಪಕ್ಕದಲ್ಲಿ ಕಂಸದೊಳಗೆ ಒಂದು ಸಣ್ಣ ಮಾತು ಇದೆ. ಹಟದಿಂದ ಅಥವಾ ಅರ್ಥವಾಗದ್ದರಿಂದ ಮಾಡದೇ ಇದ್ದರೆ ಅದು ಲೆಕ್ಕಕ್ಕಿಲ್ಲ ಅಂತ. ಇಡೀ ಪ್ರಶ್ನೆ ನಿಂತಿರುವುದೇ ಆ ಕಂಸದ ಮೇಲೆ. ಆದರೆ ಮಗುವಿನ ಭಾಷೆ ಬಾರದ ಟೀಚರಿಗೆ ಆ ಕಂಸ ಓದಿದರೂ ಉಪಯೋಗವಿಲ್ಲ. ಹುಡುಗನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಕೆಲಸ ಅರ್ಧಕ್ಕೆ ನಿಂತಿತೋ ಅಂತ ತಿಳಿಯುವ ದಾರಿಯೇ ಅವರಿಗಿಲ್ಲ. ಕಾಣುವುದು ಖಾಲಿ ಪುಟ ಒಂದೇ.

ಹೀಗೆ ಯೋಚಿಸುತ್ತಾ 9 ಪ್ರಶ್ನೆಗಳನ್ನು ನಾನು ಎರಡು ಗುಂಪು ಮಾಡಿದೆ. ಪಾಠದ ಭಾಷೆ ಅರ್ಥವಾಗದ ಮಗುವಿನಲ್ಲೂ ಕಾಣುವಂಥವು ಒಂದು ಕಡೆ. ವಿವರಕ್ಕೆ ಗಮನ ಕೊಡದೆ ತಪ್ಪು ಮಾಡುವುದು, ಗಮನ ಹಿಡಿದಿಡಲು ಆಗದಿರುವುದು, ಎದುರು ನಿಂತು ಮಾತಾಡಿದರೂ ಕೇಳಿಸಿಕೊಳ್ಳದ ಹಾಗೆ ಇರುವುದು, ಹೇಳಿದ್ದನ್ನು ಮುಗಿಸದಿರುವುದು. ಇವು 1ರಿಂದ 4. ತಲೆ ಉಪಯೋಗಿಸುವ ಕೆಲಸದಿಂದ ತಪ್ಪಿಸಿಕೊಳ್ಳುವ 6ನೆಯದನ್ನೂ ಇಲ್ಲೇ ಸೇರಿಸಬಹುದು. ಅರ್ಥವಾಗದ ಕೆಲಸದಿಂದ ಯಾರಾದರೂ ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ಕಡೆ ಭಾಷೆಗೆ ಅಷ್ಟು ಸಂಬಂಧವಿಲ್ಲದವು. ಕೆಲಸವನ್ನು, ವಸ್ತುಗಳನ್ನು ಒಪ್ಪವಾಗಿ ಜೋಡಿಸಿಕೊಳ್ಳಲು ಆಗದಿರುವುದು 5. ಬೇಕಾದ ವಸ್ತು ಕಳೆದುಕೊಳ್ಳುವುದು 7. ಸಣ್ಣ ಸದ್ದಿಗೂ ಗಮನ ಅತ್ತ ಹೋಗುವುದು 8. ದಿನದ ಕೆಲಸಗಳನ್ನು ಮರೆಯುವುದು 9. ಮಲಯಾಳ ಬಾರದು ಅನ್ನುವ ಕಾರಣಕ್ಕೆ ಯಾವ ಮಗುವೂ ಬುತ್ತಿ ಮರೆತು ಬರುವುದಿಲ್ಲ.

ಇದು ಪುಸ್ತಕದಲ್ಲಿ ಹೇಳಿದ ವಿಂಗಡಣೆ ಅಲ್ಲ. ಇದಕ್ಕೆ ಬೇರೆ ಗೆರೆ, ಅಂಕ ಏನೂ ಇಲ್ಲ. ಎಲ್ಲಿ ಜಾಸ್ತಿ ಕೇಳಬೇಕು ಅಂತ ನನಗೆ ತೋರಿಸುವ ಕೈದೀಪ ಅಷ್ಟೆ. ಮಾಷ್ ತುಂಬಿದ್ದರಲ್ಲಿ 1ರಿಂದ 8ರವರೆಗೆ ಎಲ್ಲದಕ್ಕೂ 2 ಅಥವಾ 3 ಬಿದ್ದಿತ್ತು. ಮೊದಲ ಗುಂಪು ಪೂರ್ತಿ ಬಿದ್ದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ 5, 7, 8 ಯಾಕೆ ಬಿದ್ದವು? ನಾನು ಎಳೆದ ಗೆರೆ ಅಲ್ಲಿ ಸ್ವಲ್ಪ ಅಲುಗಾಡಿತು.

ಮಾಷ್‌ಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. "ನನಗೆ ಈ ಮಕ್ಕಳ ಭಾಷೆ ಬರುವುದಿಲ್ಲ, ಅದು ನನಗೂ ಕಷ್ಟ" ಅಂತ ಅವರೇ ಮಲಯಾಳದಲ್ಲಿ ಹೇಳಿದರು. ಪುಟ್ಟನನ್ನು ಎಷ್ಟು ದಿನದಿಂದ ನೋಡುತ್ತಿದ್ದೀರಿ ಅಂತ ಕೇಳಿದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ, ಅಂದರೆ 5 ವಾರ. ಟೀಚರ್ ಫಾರ್ಮಿನ ತಲೆಯಲ್ಲೇ ಈ ಮಗುವನ್ನು ಎಷ್ಟು ವಾರದಿಂದ ಬಲ್ಲಿರಿ ಅಂತ ಬರೆಯುವ ಜಾಗ ಇದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಇವರೂ ಬಿಟ್ಟಿದ್ದರು. ಜೂನ್, ಜುಲೈಯಲ್ಲಿ ಬರುವ ಫಾರ್ಮ್‌ಗಳಲ್ಲಿ ನಾನು ಮೊದಲು ನೋಡುವುದೇ ಆ ಜಾಗವನ್ನು.

ಹಾಗಾಗಿ ಕನ್ನಡ ಮತ್ತು ಸಮಾಜ ಪಾಠ ಮಾಡುವ ಟೀಚರಿಗೆ ಇನ್ನೊಂದು ಫಾರ್ಮ್ ಕಳಿಸಿದೆ. ಅವರು ಬದಿಯಡ್ಕದ ಕಡೆಯವರು, ಕನ್ನಡದಲ್ಲೇ ಓದಿದವರು. ಪುಟ್ಟನಿಗೆ 5ನೇ ಕ್ಲಾಸಿನಲ್ಲೂ ಪಾಠ ಮಾಡಿದ್ದರು. ಅವರ ಫಾರ್ಮಿನಲ್ಲಿ ಕಡಿಮೆ ಬರುತ್ತದೆ, ಭಾಷೆಯೇ ಕಾರಣ ಅಂತ ಆಮೇಲೆ ಬರೆದು ಮುಗಿಸಬಹುದು ಅಂದುಕೊಂಡಿದ್ದೆ.

ಬಂದದ್ದು 9ರಲ್ಲಿ 6. ಯಾವ 6 ಅನ್ನುವುದು ಇನ್ನೂ ಮುಖ್ಯ. 2, 4, 5, 7, 8, 9. ಮಾತು ಕೇಳಿಸಿಕೊಳ್ಳುವುದಿಲ್ಲ ಅನ್ನುವ 3ನೆಯದಕ್ಕೆ ಅವರು ಕೊಟ್ಟದ್ದು 1. "ಕೇಳಿಸಿಕೊಳ್ಳುತ್ತಾನೆ, ಉತ್ತರವೂ ಸರಿಯಾಗಿ ಹೇಳುತ್ತಾನೆ. ಬರೆಯಲು ಕೊಟ್ಟರೆ ಮೂರನೇ ಸಾಲಿಗೆ ನಿಲ್ಲುತ್ತಾನೆ" ಅಂತ ಅಂಚಿನಲ್ಲಿ ಬರೆದಿದ್ದರು. ಅಂದರೆ 4ನೇ ಪ್ರಶ್ನೆಯ ಕಂಸವನ್ನು ಅವರು ದಾಟಿದ್ದರು. ಅರ್ಥವಾಗಿದೆ ಅಂತ ಅವರಿಗೆ ಗೊತ್ತು, ಆದರೂ ಮುಗಿಯುವುದಿಲ್ಲ. ನಾನು ಭಾಷೆಯ ತಲೆಗೆ ಕಟ್ಟಲು ಆಗದ ನಾಲ್ಕೂ ಪ್ರಶ್ನೆಗಳು ಅವರ ಪಟ್ಟಿಯಲ್ಲಿದ್ದವು.

ಈಗ ತಾಯಿಯ 1ಕ್ಕೆ ಬರೋಣ. ಅವರು ಹೌದು ಅಂದಿದ್ದು 6ನೇ ಪ್ರಶ್ನೆಗೆ ಮಾತ್ರ. ಪುಸ್ತಕ ಹಿಡಿಯಲು ಬೇಜಾರು ಮಾಡುತ್ತಾನೆ ಅಂತ. ಉಳಿದದ್ದಕ್ಕೆಲ್ಲ 0 ಅಥವಾ 1.

ಇಲ್ಲಿ ಕನ್ನಡದ್ದೇ ಒಂದು ತೊಡಕು ಇದೆ. 1ಕ್ಕೂ 2ಕ್ಕೂ ನಡುವೆಯೇ ಇಡೀ ಲೆಕ್ಕ ತಿರುಗುವುದು. 1 ಹಾಕಿದರೆ ಆ ಪ್ರಶ್ನೆ ಎಣಿಕೆಗೆ ಬರುವುದಿಲ್ಲ, 2 ಹಾಕಿದರೆ ಬರುತ್ತದೆ. ಇಂಗ್ಲಿಷ್ ಫಾರ್ಮನ್ನು ಕನ್ನಡದಲ್ಲಿ ಓದಿ ಹೇಳುವಾಗ 2ಕ್ಕೆ ಹೆಚ್ಚಿನವರು "ಆಗಾಗ" ಅನ್ನುತ್ತಾರೆ. ಈ ಆಗಾಗ ಅಂದರೆ ಎಷ್ಟು? "ಆಗಾಗ ಬರುತ್ತಿರಿ" ಅಂತ ನೆಂಟರಿಗೆ ಹೇಳಿದರೆ ಅವರು ವರ್ಷಕ್ಕೆ ಎರಡು ಸಲ ಬಂದರೂ ನಮಗೆ ಸಂತೋಷ. "ಆಗಾಗ ಕೆಮ್ಮು ಬರುತ್ತದೆ" ಅಂದರೆ ಡಾಕ್ಟರ್ ದಿನಕ್ಕೆ ಹತ್ತು ಸಲ ಅಂತ ತಿಳಿಯಬಹುದು. ಒಬ್ಬ ತಾಯಿಯ ಆಗಾಗ ಇನ್ನೊಬ್ಬ ಟೀಚರಿಗೆ ಅಪರೂಪ. ಅದಕ್ಕೇ ನಾನು ಆ ಪದವನ್ನು ಬಿಟ್ಟೆ. ಫಾರ್ಮ್ ತುಂಬಿ ಆದ ಮೇಲೆ, ಮಾತಾಡುವಾಗ ದಿನ ಹಿಡಿದು ಕೇಳುತ್ತೇನೆ. "ಕಳೆದ ಐದು ಶಾಲೆಯ ದಿನಗಳಲ್ಲಿ ಎಷ್ಟು ದಿನ ಹೀಗಾಯಿತು? ಕೊನೆಯ ಸಲ ಯಾವಾಗ? ಆಗ ಏನಾಯಿತು?" ಕೊನೆಯ ಸಲ ಅಂತ ಕೇಳಿದ ಕೂಡಲೇ ಜನ ಅಭಿಪ್ರಾಯ ಬಿಟ್ಟು ನಡೆದದ್ದನ್ನು ಹೇಳಲು ಶುರು ಮಾಡುತ್ತಾರೆ.

"ಅಕ್ಕ, ವಸ್ತು ಕಳೆದುಕೊಳ್ಳುವುದಕ್ಕೆ 0 ಹಾಕಿದ್ದೀರಿ. ಏನೂ ಕಳೆಯುವುದಿಲ್ಲವಾ?"

"ಇಲ್ಲ ಟೀಚರೇ, ಈ ವರ್ಷ ಒಂದೂ ಕಳೆದಿಲ್ಲ."

"ಈ ವರ್ಷ?"

"ಹೋದ ವರ್ಷ ಜೂನ್ ತಿಂಗಳೊಂದರಲ್ಲೇ ಮೂರು ಕೊಡೆ ಹೋಯಿತು. ಅದಕ್ಕೇ ಈ ಸಲ ಕಟ್ಟಿದ್ದೇನೆ."

ಅವನ ಬ್ಯಾಗನ್ನು ಮೇಜಿನ ಮೇಲೆ ಇಡಲು ಹೇಳಿದೆ. ಕೊಡೆಯ ಹಿಡಿಗೆ ಹಳೆಯ ಶೂವಿನ ಲೇಸು ಗಂಟು ಹಾಕಿತ್ತು. ಲೇಸಿನ ಇನ್ನೊಂದು ತುದಿ ಬ್ಯಾಗಿನ ಪಟ್ಟಿಗೆ. ಬಿಡಿಸಿದರೆ ಕೊಡೆ ಹಿಡಿದು ನಡೆಯುವಷ್ಟೇ ಉದ್ದ. ಒಳಗೆ ಪ್ರತಿ ನೋಟ್‌ಬುಕ್ಕಿನ ಬೆನ್ನಿಗೆ ಒಂದೊಂದು ಬಣ್ಣದ ಟೇಪು. ಲೆಕ್ಕಕ್ಕೆ ಕೆಂಪು, ಕನ್ನಡಕ್ಕೆ ಹಳದಿ. ಮುಂದಿನ ಖಾನೆಯಲ್ಲಿ ಒಂದು ಚೀಟಿ, ಅದರಲ್ಲಿ ತಾಯಿಯ ಕೈಬರಹದಲ್ಲಿ ಆ ವಾರದ ಟೈಮ್‌ಟೇಬಲ್. ಪೆನ್ಸಿಲ್ ಡಬ್ಬಿಯಲ್ಲಿ ಎರಡೇ ಪೆನ್ಸಿಲು. "ಜಾಸ್ತಿ ಹಾಕಿದರೆ ಆಡುತ್ತಾನೆ" ಅಂದರು.

ಆ ತಾಯಿ ಬೀಡಿ ಕಟ್ಟುತ್ತಾರೆ. ಸಂಜೆ ಮೊರ ಮಡಿಲಲ್ಲಿಟ್ಟುಕೊಂಡು ಮಗನ ಪಕ್ಕ ಕೂರುತ್ತಾರೆ. ಒಂದು ಲೆಕ್ಕ ಆದ ಮೇಲೆ ಇನ್ನೊಂದು ಅಂತ ಬೆರಳಿಟ್ಟು ತೋರಿಸುತ್ತಾರೆ. ಎರಡು ಲೆಕ್ಕದ ನಡುವೆ ಅವನು ಅಂಗಳಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುತ್ತಾನೆ. ಯಾರೂ ಹೇಳಿಕೊಡದೆ, ತಾವೇ ಕಂಡುಕೊಂಡ ದಾರಿ. ನಾವು ತರಬೇತಿಯಲ್ಲಿ ಪೋಷಕರಿಗೆ ಕಲಿಸುವುದೂ ಇದನ್ನೇ. ನನಗೆ ಆ ಬ್ಯಾಗ್ ನೋಡಿ ಗಂಟಲು ಕಟ್ಟಿತು.

ಅವರು ಹಾಕಿದ ಸೊನ್ನೆ ಸುಳ್ಳಲ್ಲ. ಫಾರ್ಮ್ ಕೇಳಿದ್ದು ಮಗ ವಸ್ತು ಕಳೆಯುತ್ತಾನಾ ಅಂತ. ಕಳೆಯುತ್ತಿಲ್ಲ. ಲೇಸು ಕಟ್ಟಿದ್ದರಿಂದ ಕಳೆಯುತ್ತಿಲ್ಲ ಅಂತ ಬರೆಯಲು ಅಲ್ಲಿ ಜಾಗವಿಲ್ಲ.

ಹಾಗಾದರೆ ತಾಯಿ ಪಕ್ಕದಲ್ಲಿ ಇಲ್ಲದ ದಿನ ಏನಾಗುತ್ತದೆ? ಇದನ್ನು ಊಹಿಸಬೇಕಾಗಲಿಲ್ಲ. ಫೆಬ್ರವರಿಯಲ್ಲಿ ತಂಗಿಯ ಬಾಣಂತನಕ್ಕೆ ಅಂತ ಅವರು ತವರಿಗೆ ಹೋಗಿ 12 ದಿನ ಇದ್ದರು. ಮನೆಯಲ್ಲಿ ತಂದೆ ಮತ್ತು ಅಜ್ಜಿ. ಮುಂದಿನ ವಾರ ತಂದೆಯನ್ನು ಕರೆಸಿ ಆ 12 ದಿನಗಳ ಬಗ್ಗೆ ಮಾತ್ರ ಕೇಳಿದೆ. ಅವರು ಯೋಚಿಸಿ ಹೇಳಿದರು. ನೀರಿನ ಬಾಟ್ಲಿ ಎರಡು ಸಲ ಶಾಲೆಯಲ್ಲೇ ಉಳಿಯಿತು, ಎರಡನೆಯದು ಸಿಗಲೇ ಇಲ್ಲ. ಒಂದು ದಿನ ಸ್ನಾನಕ್ಕೆ ಅಂತ ಹೋದವನು ಬಾವಿಕಟ್ಟೆಯ ಹತ್ತಿರ ಇರುವೆ ಸಾಲು ನೋಡುತ್ತಾ ನಿಂತು ಬಸ್ಸು ತಪ್ಪಿತು. ನಾಲ್ಕು ದಿನ ಹೋಮ್‌ವರ್ಕ್ ಶುರುವಾಗಿ ಅರ್ಧಕ್ಕೆ ನಿಂತಿತು. "ನಾನು ಬೈದೆ ಟೀಚರೇ. ಅಮ್ಮ ಇಲ್ಲದ್ದಕ್ಕೆ ಬೇಜಾರು ಅಂತ ಅಜ್ಜಿ ಅಂದರು" ಅಂದರು. ಅಜ್ಜಿ ಹೇಳಿದ್ದರಲ್ಲೂ ಸ್ವಲ್ಪ ನಿಜ ಇರಬಹುದು, ಅದನ್ನೂ ಬರೆದುಕೊಂಡೆ.

ತಾಯಿಯ ಫಾರ್ಮಿನ ಅಂಕಗಳನ್ನು ನಾನು ತಿದ್ದಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮಾತಾಡಿದ ಮೇಲೆ "ಹಾಗಾದರೆ ಇದನ್ನು 2 ಮಾಡೋಣವಾ" ಅಂತ ಹಳೆಯ ಅಂಕ ಅಳಿಸುವುದು ನಮ್ಮಲ್ಲಿ ನಡೆಯುತ್ತದೆ. ಅದು ತಪ್ಪು. 6 ಅನ್ನುವ ಗೆರೆ ಹಾಕಿರುವುದು ಪೋಷಕರು ತಾವಾಗಿ ತುಂಬಿದ ಫಾರ್ಮಿಗೆ. ನಾನು ಪಕ್ಕದಲ್ಲಿ ಕೂತು ಏರಿಸಿದ ಅಂಕಕ್ಕೆ ಆ ಗೆರೆ ಅನ್ವಯಿಸುವುದಿಲ್ಲ. 1 ಅನ್ನುವುದು 1 ಆಗಿಯೇ ಉಳಿಯಲಿ. ಪಕ್ಕದಲ್ಲಿ ಬೇರೆ ಸಾಲು ಹಾಕಿ, ತಾಯಿಯ ಸಹಾಯ ಇಲ್ಲದಾಗ ಅಂತ ತಲೆಬರಹ ಕೊಟ್ಟು, ತಂದೆ ಹೇಳಿದ ಘಟನೆಗಳನ್ನು ಅವರದ್ದೇ ಮಾತಿನಲ್ಲಿ ಬರೆದೆ. 2, 4, 7, 9 ಅಲ್ಲಿ ಕಂಡವು. 6 ಮೊದಲೇ ಇತ್ತು.

ಇನ್ನು ಶಾಲೆ. ಮುಖ್ಯೋಪಾಧ್ಯಾಯರ ಅನುಮತಿ ತೆಗೆದುಕೊಂಡು ಒಂದು ದಿನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ಮಾಡುವುದು ತುಂಬಾ ಸರಳ. 15 ಸೆಕೆಂಡಿಗೆ ಒಮ್ಮೆ ಮಗುವನ್ನು ನೋಡುವುದು. ಆ ಕ್ಷಣ ಪಾಠದ ಕಡೆ ಇದ್ದರೆ ಒಂದು ಗೀಟು, ಇಲ್ಲದಿದ್ದರೆ ಸೊನ್ನೆ. 20 ನಿಮಿಷಕ್ಕೆ 80 ಗುರುತು. ಆದರೆ ಒಬ್ಬನನ್ನೇ ನೋಡಿದರೆ ಪ್ರಯೋಜನವಿಲ್ಲ. ಅದೇ ಕ್ಲಾಸಿನ ಇನ್ನೊಬ್ಬ ಸಾಧಾರಣ ಹುಡುಗನನ್ನೂ ಜೊತೆಗೆ ನೋಡಬೇಕು. ಆ ಹುಡುಗನನ್ನು ಕನ್ನಡ ಟೀಚರ್ ತೋರಿಸಿದರು.

ಲೆಕ್ಕದ ಪೀರಿಯಡ್. ಮಾಷ್ ಬೋರ್ಡಿನಲ್ಲಿ ಭಿನ್ನರಾಶಿ ಬರೆದು, ಮಲಯಾಳದಲ್ಲಿ "ಹರಿಕ್ಕ್" ಅಂದರು. ಭಾಗಿಸು ಅಂತ ಅರ್ಥ. ಕನ್ನಡದ ಮಕ್ಕಳ ಕಿವಿಗೆ ಅದು ಹರಿಯುವ ಹಾಗೆ ಕೇಳುತ್ತದೆ. ಎರಡನೇ ಬೆಂಚಿನ ಒಬ್ಬಳು ಪಕ್ಕದವಳಿಗೆ "ಏನಂತೆ?" ಅಂದಳು. ಪುಟ್ಟ ಪಾಠದ ಕಡೆ ಇದ್ದದ್ದು 80ರಲ್ಲಿ 31 ಸಲ. ಇನ್ನೊಬ್ಬ ಹುಡುಗ 43 ಸಲ.

ಮಧ್ಯಾಹ್ನ ಸಮಾಜ ಪಾಠ. ಕನ್ನಡದಲ್ಲಿ. ಪುಟ್ಟ 80ರಲ್ಲಿ 46 ಸಲ. ಇನ್ನೊಬ್ಬ ಹುಡುಗ 69 ಸಲ.

ಆ ನಾಲ್ಕು ಸಂಖ್ಯೆಗಳನ್ನು ಬಸ್ಸಿನಲ್ಲಿ ಬರುವಾಗ ಎಷ್ಟು ಸಲ ನೋಡಿದೆನೋ. ಭಾಷೆ ಅರ್ಥವಾದಾಗ ಇಬ್ಬರೂ ಏರಿದರು. ಅಂದರೆ ಲೆಕ್ಕದ ಕ್ಲಾಸಿನಲ್ಲಿ ಗಮನ ಹೋಗುವುದು ಪುಟ್ಟನೊಬ್ಬನದ್ದಲ್ಲ, ಭಾಷೆಯ ತೊಂದರೆ ನಿಜ. ಆದರೆ ಇಬ್ಬರ ನಡುವಿನ ಅಂತರ ನೋಡಿ. ಲೆಕ್ಕದಲ್ಲಿ 12. ಸಮಾಜದಲ್ಲಿ 23. ಎಲ್ಲರಿಗೂ ಅರ್ಥವಾಗುವ ಕ್ಲಾಸಿನಲ್ಲೇ ಪುಟ್ಟ ಜಾಸ್ತಿ ಹಿಂದೆ ಉಳಿದ. ಅರ್ಥವಾಗದ ಕ್ಲಾಸಿನಲ್ಲಿ ಎಲ್ಲರೂ ಕಿಟಕಿಯಾಚೆ ನೋಡುವುದರಿಂದ ಅವನ ಕಷ್ಟ ಗುಂಪಿನಲ್ಲಿ ಮುಚ್ಚಿಹೋಗಿತ್ತು. ಒಂದು ದಿನದ ಎರಡು ಪೀರಿಯಡ್ ಮಾತ್ರ, ಅದರ ಮೇಲೆ ಏನನ್ನೂ ಕಟ್ಟಲಾಗದು ಅಂತ ಇನ್ನೊಂದು ವಾರ ಮತ್ತೆ ಹೋದೆ. ಸಂಖ್ಯೆಗಳು ಸ್ವಲ್ಪ ಆಚೀಚೆ ಆದವು. ಅಂತರ ಹಾಗೇ ಇತ್ತು.

ನಾನು ಗೆರೆ ಎಳೆದಿದ್ದ "ಭಾಷೆ" ಅನ್ನುವ ಪದದ ಮುಂದೆ ಒಂದು "ಮತ್ತು" ಬರೆದೆ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನನ್ನ ಮೊದಲ ತೀರ್ಮಾನದಲ್ಲಿ ನಿಂತಿದ್ದರೆ ಪುಟ್ಟನಿಗೆ ಅನ್ಯಾಯವಾಗುತ್ತಿತ್ತು. ಭಾಷೆಯದ್ದು ನಮ್ಮ ನಿಜವಾದ ನೋವು. ನಿಜವಾದ್ದರಿಂದಲೇ ಅದು ಎಲ್ಲದಕ್ಕೂ ಕಾರಣವಾಗಿ ಕಾಣುತ್ತದೆ. ಮಾಷ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಲು ನನಗೆ ಒಳ್ಳೆಯ ನೆಪ ಸಿಕ್ಕಿತ್ತು. ಅವರ 8ರಲ್ಲಿ ಒಂದು ಪಾಲು ಭಾಷೆಯದ್ದು, ಒಂದು ಪಾಲು ಹುಡುಗನದ್ದು. ತಾಯಿಯ 1ರಲ್ಲಿ ಹುಡುಗನ ಜೊತೆಗೆ ತಾಯಿಯ ದುಡಿಮೆಯೂ ಸೇರಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಮಕ್ಕಳೂ ಬರುತ್ತಾರೆ. ಮಂಜೇಶ್ವರದ ಕಡೆಯ ಒಬ್ಬಳು ಹುಡುಗಿ, ಮನೆಯಲ್ಲಿ 7, ಶಾಲೆಯಲ್ಲಿ 0. ಟೀಚರ್ ಪ್ರಕಾರ ಬಂಗಾರದಂಥ ಮಗು. 40 ಮಕ್ಕಳ ಕ್ಲಾಸಿನಲ್ಲಿ ಗಲಾಟೆ ಮಾಡದೆ ಕನಸು ಕಾಣುವ ಹುಡುಗಿ ಯಾರ ಕಣ್ಣಿಗೆ ಬೀಳಬೇಕು? ಟೀಚರ್ ಕೈಗೆ ಅವಳ ಆರು ತಿಂಗಳ ನೋಟ್‌ಬುಕ್ ಕೊಟ್ಟು, ಆಮೇಲೆ ಫಾರ್ಮ್ ಮತ್ತೆ ತುಂಬಲು ಕೇಳಿದಾಗ 4 ಬಂತು. ಹಾಗೆಯೇ ಎದುರು ಮಾತಾಡುವ, ಹಟ ಮಾಡುವ ಮಗುವಿಗೆ ಟೀಚರ್‌ಗಳು ಗಮನದ ಪ್ರಶ್ನೆಗಳಲ್ಲೂ ಜಾಸ್ತಿ ಅಂಕ ಹಾಕುತ್ತಾರೆ. ನಟಿಸಿದ ಮಕ್ಕಳ ವಿಡಿಯೊ ತೋರಿಸಿ ಟೀಚರ್‌ಗಳನ್ನು ಪರೀಕ್ಷಿಸಿದ ಅಧ್ಯಯನ 1993ರಲ್ಲೇ ಬಂದಿದೆ. ಹಟ ಕಂಡ ಕಡೆ ಗಮನವೂ ಇಲ್ಲ ಅಂತ ಅವರಿಗೆ ಕಂಡಿತ್ತು. ಪುಟ್ಟನ ವಿಷಯದಲ್ಲಿ ಆ ಭಯ ಇರಲಿಲ್ಲ. ಹಟದ ಭಾಗದಲ್ಲಿ ಇಬ್ಬರು ಟೀಚರ್‌ಗಳೂ ಸೊನ್ನೆ ಕೊಟ್ಟಿದ್ದರು.

ಉಳಿದ ಕೆಲಸ ಬೇಗ ಮುಗಿಯಿತು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿದೆವು, ಸರಿ ಇತ್ತು. ನಿದ್ದೆ ಸರಿ ಇತ್ತು. ಕನ್ನಡ ಪಾಠವನ್ನು ಅವನು ತಡವರಿಸದೆ ಓದಿದ. ಬಾಯಿಲೆಕ್ಕ ಕನ್ನಡದಲ್ಲಿ ಕೇಳಿದರೆ ಪಟ್ಟನೆ ಹೇಳಿದ. ಅದೇ ಲೆಕ್ಕ ಕಾಗದದಲ್ಲಿ ಕೊಟ್ಟರೆ ಕಳೆಯುವ ಕಡೆ ಕೂಡಿಸಿದ. 1ನೇ ಕ್ಲಾಸಿನ ಟೀಚರ್ ಈಗಲೂ ಅದೇ ಊರಿನಲ್ಲಿದ್ದಾರೆ. ಅವನ ಸ್ಲೇಟು ಪ್ರತಿ ದಿನ ಯಾರ ಬ್ಯಾಗಿನಲ್ಲಾದರೂ ಸಿಗುತ್ತಿತ್ತು ಅಂತ ನೆನಪು ಮಾಡಿಕೊಂಡರು. "ಯಕ್ಷಗಾನ ರಾತ್ರಿಯಿಡೀ ಕಣ್ಣು ಮುಚ್ಚದೆ ನೋಡುತ್ತಾನೆ, ಗಮನ ಇಲ್ಲ ಅಂತ ಹೇಗೆ ಹೇಳುತ್ತೀರಿ?" ಅಂತ ತಂದೆ ಕೇಳಿದರು. ಎಲ್ಲ ತಂದೆಯರೂ ಕೇಳುವ ಪ್ರಶ್ನೆ ಇದು. ಚೆಂಡೆ, ಬಣ್ಣ, ಕುಣಿತ ಇರುವಲ್ಲಿ ಗಮನವನ್ನು ರಂಗವೇ ಹಿಡಿದಿಡುತ್ತದೆ. ಖಾಲಿ ಪುಟದ ಎದುರು ಅದನ್ನು ಹುಡುಗನೇ ಹಿಡಿದಿಡಬೇಕು. ಕಷ್ಟ ಇರುವುದು ಆ ಎರಡನೆಯದರಲ್ಲಿ.

ಮೂರು ಫಾರ್ಮ್, ನಾನು ಪಕ್ಕದಲ್ಲಿ ಬರೆದ ಸಾಲು, ಕ್ಲಾಸಿನ ಎಣಿಕೆ ಎಲ್ಲವನ್ನೂ ಸೇರಿಸಿ ಮಂಗಳೂರಿನ ಮಕ್ಕಳ ಮನೋವೈದ್ಯರಿಗೆ ಕಳಿಸಿದೆ. ಫಾರ್ಮಿನ ಅಂಕ ನೋಡಿ ಯಾರೂ ಎಡಿಎಚ್‌ಡಿ ಅಂತ ಹೇಳಬಾರದು, ಹೇಳಲೂ ಆಗದು. ಡಾಕ್ಟರ್ ಹುಡುಗನನ್ನೂ ಮನೆಯವರನ್ನೂ ಕೂರಿಸಿ ಮಾತಾಡಿ, ಗಮನದ ಕಡೆಯ ಎಡಿಎಚ್‌ಡಿ, ಹೆಚ್ಚು ತೀವ್ರವಲ್ಲ ಅಂದರು. ಮದ್ದು ಕೂಡಲೇ ಬೇಡ, ಮೊದಲು ಶಾಲೆಯಲ್ಲೂ ಮನೆಯಲ್ಲೂ ಕೆಲವು ಬದಲಾವಣೆ ಮಾಡಿ ಮೂರು ತಿಂಗಳು ನೋಡೋಣ ಅಂತ ಮನೆಯವರ ಜೊತೆ ಸೇರಿ ತೀರ್ಮಾನಿಸಿದರು.

ಲೆಕ್ಕದ ಕ್ಲಾಸಿನಲ್ಲಿ ಬೋರ್ಡಿನ ಮೂಲೆಯಲ್ಲಿ ಆ ದಿನದ ಮೂರ್ನಾಲ್ಕು ಪದಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ಒಬ್ಬಳು ಹುಡುಗಿಗೆ ಬಂತು. ಮಾಷ್ ತಾವೇ ಕೇಳಿ ಮಾಡಿದ್ದು. ಪುಟ್ಟನಿಗೆ ಹತ್ತು ಲೆಕ್ಕ ಒಟ್ಟಿಗೆ ಕೊಡದೆ ಮೂರು ಮೂರಾಗಿ ಕೊಡಲು ಶುರು ಮಾಡಿದರು. ಮನೆಯಲ್ಲಿ ತಾಯಿ ಒಂದೊಂದೇ ಕೆಲಸವನ್ನು ಅವನ ಕೈಗೆ ಬಿಡಬೇಕು ಅಂತ ಮಾತಾಯಿತು. ಚೀಟಿ ಬರೆಯುವುದು ಅವನು, ನೋಡುವುದು ಮಾತ್ರ ತಾಯಿ.

ನವೆಂಬರ್‌ನಲ್ಲಿ ಅದೇ ಮೂವರಿಗೆ ಮತ್ತೆ ಫಾರ್ಮ್ ಕೊಟ್ಟೆ. ಬೇರೆಯವರು ತುಂಬಿದರೆ ಹೋಲಿಸಲು ಬರುವುದಿಲ್ಲ. ಮಾಷ್‌ದು 8ರಿಂದ 5ಕ್ಕೆ ಇಳಿದಿತ್ತು. ಇಳಿದದ್ದು 1, 3 ಮತ್ತು 6. ನಾನು ಭಾಷೆಯ ಗುಂಪಿನಲ್ಲಿ ಇಟ್ಟಿದ್ದವೇ. ಕನ್ನಡ ಟೀಚರದು 6ರಿಂದ 5.

ತಾಯಿಯದು 1ರಿಂದ 4ಕ್ಕೆ ಏರಿತ್ತು. ತಂದೆ ಅದನ್ನು ನೋಡಿ ಗಾಬರಿಯಾದರು. ಜಾಸ್ತಿಯಾಯಿತಾ ಅಂತ ಕೇಳಿದರು. ನಾನು ಏನೂ ಹೇಳುವ ಮೊದಲೇ ತಾಯಿ ಬ್ಯಾಗ್ ತಿರುಗಿಸಿ ಪಟ್ಟಿ ತೋರಿಸಿದರು. ಲೇಸು ಇರಲಿಲ್ಲ. ತುಲಾ ತಿಂಗಳ ಮಳೆಗೆ ಅವನು ಒಂದು ಕೊಡೆ ಕಳೆದು, ಎರಡನೆಯದನ್ನು ತಾನೇ ನೆನಪಿಟ್ಟು ತಂದಿದ್ದ.